ಅಧ್ಯಕ್ಷರಿಗೊಂದು ಮಿಂಚಂಚೆ

ಸಹಕಾರಿ ಬ್ಯಾಂಕೊಂದರ ಸಾಲವಿಭಾಗದ ರಾಯರು, ಕಂತಿನ ನೆನಪೋಲೆಗಳನ್ನು ಅಂಚೆಗೆ ಬದಲಾಗಿ ಎಸ್ಸೆಮ್ಮೆಸ್ ಮೂಲಕ ಕಳುಹಿಸಬೇಕೆಂಬ ತಮ್ಮ ನೂತನ ಕಲ್ಪನೆಯನ್ನು, ಸಂಸ್ಥೆಯ ಸ್ಥಾಪನೆಯಿಂದಾರಂಭಿಸಿ ಮೂರು ಪುಟಗಳ ಮಿಂಚಂಚೆಯಾಗಿ ವಿಸ್ತರಿಸಿ, ಹಿರಿಯ ಅಕೌಂಟೆಂಟರ ಮುಂದಿರಿಸಿದರು.

“ಅಧ್ಯಕ್ಷರು ಕಾರಿಳಿಯುವುದರೊಳಗೆ ಫೋನಿನಲ್ಲಿ ಓದುವವರು. ನಿಮ್ಮ ಬೇಡಿಕೆಯೆಲ್ಲಿ, ರಾಯರೇ?”

“ಕೊನೆಯಲ್ಲಿದೆ, ಸ್ವಾಮಿ. ಮಂಗಳಾರತಿಗೆ ಮುನ್ನ ಪ್ರಸಾದವುಂಟೆ?”

“ಇಲ್ಲಿ ಪ್ರಸಾದವೇ ಮೊದಲು. ‘ಒಂದು ಶಾಖೆಯಲ್ಲಿ ಒಂದು ತಿಂಗಳ ಪ್ರಯೋಗಕ್ಕೆ ಅನುಮತಿ ಬೇಕು’ ಎಂದಾರಂಭಿಸಿ. ಪ್ರಯೋಜನ?”

“ಕ್ರಾಂತಿಕಾರಕ ಪರಿವರ್ತನೆ!”

“ಅದು ಯಾವ ಲೆಕ್ಕಶೀರ್ಷಿಕೆಗೆ ಸೇರುತ್ತದೆ? ವಾಯಿದೆ ಕಳೆದ ಮೇಲೆ ತಲಪುತ್ತಿರುವ ಸೂಚನೆ ಇನ್ನು ಮೂರು ದಿನ ಮುಂಚಿತವಾಗಿ ತಲಪುವುದೆನ್ನಿ. ವೆಚ್ಚ?”

“ಸಾವಿರ ಸಾಲಗಾರರಿಗೆ ಅಂಚೆಯಲ್ಲಿ 5,000 ರೂಪಾಯಿ, ಸಂದೇಶಕ್ಕೆ 25 ಪೈಸೆಯಂತೆ 250.”

“ಕನ್ನಡದ ಸಂದೇಶಕ್ಕೆ 70 ಅಕ್ಷರಚಿಹ್ನೆಗಳೇ ಮಿತಿ, ಮೀರಿದರೆ ಎರಡರ ದರ. 500 ಎಂದೇ ಬರೆಯಿರಿ. ಈ ವ್ಯತ್ಯಾಸವನ್ನು ಅಧ್ಯಕ್ಷರು ತಾವೇ ಕಂಡುಹಿಡಿದರೆ, ಉಳಿದ ಅಂಕಿಗಳನ್ನೂ ನಂಬಲಾರರು.”

“ಕೊನೆಗೆ, ‘ತಮ್ಮ ಅಮೂಲ್ಯ ಅಭಿಪ್ರಾಯವನ್ನು ನಿರೀಕ್ಷಿಸುತ್ತಾ’...”

“ನಿರೀಕ್ಷಿಸುತ್ತಲೇ ನಿವೃತ್ತರಾಗುವಿರಿ! ‘ಶುಕ್ರವಾರದೊಳಗೆ ಒಪ್ಪಿಗೆಯಿತ್ತರೆ, ಸೋಮವಾರ ಸಂದೇಶದ ಮಾದರಿಯನ್ನು ನೋಂದಣಿಗೆ ಕಳುಹಿಸುತ್ತೇನೆ’ ಎನ್ನಿ.”

ಐದು ಸಾಲಿನ ಪತ್ರ ಹೊರಟಿತು. ‘ಆಗಲಿ’ ಎಂಬ ಉತ್ತರವು ಸಂಜೆಗೇ ಬಂದಿತು. ಮನಸ್ಸು ತಡೆಯದೆ ರಾಯರು ಅನುಬಂಧವೆಂದು ಲಗತ್ತಿಸಿದ್ದ ಆ ಮೂರು ಪುಟಗಳನ್ನು ಮಾತ್ರ ಯಾರೂ ತೆರೆಯಲಿಲ್ಲ.