ಗಂಟೆಗೆ 120, ಕಡಿಮೆ ಬಿದ್ದರೆ ಗಂಟಲು

ಎಚ್‌ಆರ್ ಮ್ಯಾನೇಜರ್ ಸಾಹೇಬರಿಗೆ,
ತಾಂಡ್ಯ ಕೈಗಾರಿಕಾ ಪ್ರದೇಶ, ನಂಜನಗೂಡು ತಾಲ್ಲೂಕು

ವಿಷಯ: ನಾಲ್ಕನೇ ಲೈನಿನ ಸೂಪರ್‌ವೈಸರ್ ಕೆಲಸಕ್ಕೆ ರಾಜೀನಾಮೆ

ಸರ್,

‘ವೈಯಕ್ತಿಕ ಕಾರಣ’ ಎಂದು ನೀವೇ ಅಚ್ಚು ಹಾಕಿಸಿ ಇಟ್ಟಿರುವ ಫಾರಂ ನನಗೆ ಬೇಡ. ನಮ್ಮ ಫ್ಲೋರಿನಲ್ಲಿ ನಾಲ್ಕೂವರೆ ವರ್ಷ ತುಂಬುತ್ತಿದ್ದಂತೆ ಹೆಣ್ಣುಮಕ್ಕಳಿಗೆಲ್ಲ ವೈಯಕ್ತಿಕ ಕಾರಣ ಹುಟ್ಟಿಕೊಳ್ಳುವುದನ್ನು ಕಂಡಿದ್ದೇನೆ. ಇವತ್ತು ಫಾರಂಗೆ ಸಹಿ, ಮುಂದಿನ ವಾರ ಅದೇ ಮೆಷಿನಿಗೆ ಹೊಸ ಟೋಕನ್ ನಂಬರು. ಐದು ತುಂಬಿಬಿಟ್ಟರೆ ಗ್ರ್ಯಾಚುಟಿ ಕೊಡಬೇಕಲ್ಲ! ನನಗೆ ಮಾತ್ರ ಆ ಕಾಯಿಲೆ ಯಾಕೋ ಬರಲಿಲ್ಲ. ಅದಕ್ಕೇ ಕಾರಣ ಬಿಚ್ಚಿ ಬರೆಯುತ್ತಿದ್ದೇನೆ. ನಂಜನಗೂಡಿನಲ್ಲಿ ಒಂದು ಶಟರ್ ಬಾಡಿಗೆಗೆ ಹಿಡಿದಿದ್ದೇನೆ, ಲೇಡೀಸ್ ಟೈಲರ್ ಅಂಗಡಿ.

ನನ್ನ ಕೆಲಸ ಏನಾಗಿತ್ತು ಅನ್ನುವುದು ನಿಮ್ಮ ಗಾಜಿನ ರೂಮಿನಿಂದ ಕಂಡಿರಲಾರದು, ಹೇಳುತ್ತೇನೆ. ಲೈನಿನಲ್ಲಿ 40 ಜನ. ಒಂದು ಶರ್ಟಿಗೆ 20 ನಿಮಿಷದ ಕೆಲಸ ಎಂದು ನಿಮ್ಮ ಐಇ ಹುಡುಗ ಸ್ಟಾಪ್‌ವಾಚ್ ಹಿಡಿದು ಬರೆದುಕೊಂಡ. ದಿನಕ್ಕೆ 480 ನಿಮಿಷ, 40 ಜನ, ಭಾಗಿಸು 20. ಬಂತು 960 ಪೀಸ್, ಗಂಟೆಗೆ 120. ನೀರು ಕುಡಿಯುವ, ಬಾತ್‌ರೂಮಿಗೆ ಹೋಗುವ, ಸೂಜಿ ಮುರಿಯುವ ನಿಮಿಷಗಳು ಆ ಲೆಕ್ಕದಲ್ಲಿ ಹುಟ್ಟಿಯೇ ಇಲ್ಲ. ಇರಲಿ.

ಕಾಲರ್ ಕೂರಿಸುವುದಕ್ಕೆ ಎಷ್ಟೇ ಕೈ ಚುರುಕಿದ್ದರೂ ಒಂದಕ್ಕೆ 45 ಸೆಕೆಂಡ್ ಹಿಡಿಯುತ್ತದೆ. ಅಂದರೆ ಒಬ್ಬಳಿಂದ ಗಂಟೆಗೆ 80. ಅದಕ್ಕೇ ಅಲ್ಲಿ ಇಬ್ಬರನ್ನು ಕೂರಿಸಿದ್ದೆವು. ತಿ. ನರಸೀಪುರದ ಕಡೆಯಿಂದ ಬರುವವಳ ಮಗುವಿಗೆ ಜ್ವರ ಬಂತು, ಅವಳು ಬರಲಿಲ್ಲ. ಅವತ್ತು ಉಳಿದ 38 ಜನ ದೇವಲೋಕದ ವೇಗದಲ್ಲಿ ಹೊಲಿದರೂ ಲೈನಿನ ಕೊನೆಯಲ್ಲಿ ಬೀಳುವುದು 80 ಶರ್ಟೇ. ಕಾಲರ್ ಮೆಷಿನಿನ ಈಚೆ ಬಂಡಲ್ ಗುಡ್ಡೆ, ಆಚೆ ಖಾಲಿ ಟೇಬಲ್. ಇದು ಕುರುಡರಿಗೂ ಕಾಣುತ್ತದೆ. ಟಾರ್ಗೆಟ್ ಬೋರ್ಡಿಗೆ ಕಾಣುವುದಿಲ್ಲ. ಅದರಲ್ಲಿ 120 ಹಾಗೇ ಉರಿಯುತ್ತಿರುತ್ತದೆ, ಬೋರ್ಡಿಗೆ ಮಗುವೂ ಇಲ್ಲ, ಜ್ವರವೂ ಇಲ್ಲ.

ಕಡಿಮೆ ಬಿದ್ದ ಆ 40 ಪೀಸ್ ಎಲ್ಲಿಂದ ಬರಬೇಕು? ನನ್ನ ಗಂಟಲಿಂದ. ಗಂಟೆಗೊಮ್ಮೆ ಪ್ರೊಡಕ್ಷನ್ ಮ್ಯಾನೇಜರ್ ನನಗೆ ಬೈಯುವುದು, ನಾನು ಹೋಗಿ ಉಳಿದವಳಿಗೆ ಬೈಯುವುದು, ಅವಳು ಕಣ್ಣೊರೆಸಿಕೊಳ್ಳುವುದರಲ್ಲಿ ಇನ್ನೆರಡು ಕಾಲರ್ ಹೋಯಿತು. ಬೈಗುಳದಿಂದ ಹೊಲಿಗೆ ಬೀಳುವ ಹಾಗಿದ್ದರೆ ನಮ್ಮ ಕಂಪನಿಗೆ ದಾರವೇ ಬೇಕಿರಲಿಲ್ಲ.

ಅಂಗಡಿ ನಡೆಸಲು ಬರುತ್ತದೆಯೇ ಎಂದು ಕೇಳಿದಿರಿ. ಬರುತ್ತಿರಲಿಲ್ಲ. ಇಷ್ಟು ವರ್ಷ ಕಂಟೇನರ್‌ಗಟ್ಟಲೆ ಶರ್ಟು ದಾಟಿಸಿದವಳಿಗೆ ಒಂದು ರವಿಕೆ ಕತ್ತರಿಸಲು ಗೊತ್ತಿರಲಿಲ್ಲ. ಕಟಿಂಗ್ ಸೆಕ್ಷನ್ ಬೇರೆ, ನಮ್ಮ ಕೈಗೆ ಬರುವುದು ಬಂಡಲ್. ಭಾನುವಾರಗಳಲ್ಲಿ ಟೈಲರಮ್ಮ ಒಬ್ಬರ ಬಳಿ ಕಲಿತೆ. ನಿಮ್ಮಲ್ಲಿ ಮನುಷ್ಯರು ಎಂ, ಎಲ್, ಎಕ್ಸೆಲ್ ಎಂದು ಮೂರು ಜಾತಿ. ಅಲ್ಲಿ ಒಂದು ಭುಜ ಇಳಿದವರು, ಹೆರಿಗೆಯಾಗಿ ಅಳತೆ ಬದಲಾದವರು, ಹಳೇ ರವಿಕೆ ಕೊಟ್ಟು ‘ಇದರ ಹಾಗೇ ಇರಲಿ, ಆದರೆ ಇದರ ಹಾಗೆ ಬೇಡ’ ಅನ್ನುವವರು. ಲೈನಿಂಗ್ ಬಟ್ಟೆಯನ್ನು ನೀರಲ್ಲಿ ನೆನೆಸಿ ಒಣಗಿಸದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಒಳಗಿನದು ಕುಗ್ಗಿ ಮೇಲಿನ ಬಟ್ಟೆ ಸುಕ್ಕುಗಟ್ಟುತ್ತದೆ. ಒಣಗುವ ಆ ಅರ್ಧ ದಿನ ನಿಮ್ಮ ಬೋರ್ಡಿನಲ್ಲಿ ಸೊನ್ನೆ. ದೊಡ್ಡ ಜಾತ್ರೆಯ ಹಿಂದಿನ ದಿನ ಬಟ್ಟೆ ತಂದು ತೇರಿನ ಹೊತ್ತಿಗೆ ಕೊಡು ಅನ್ನುವವರೂ ಬರುತ್ತಾರೆ, ಗೊತ್ತು. ಅವರಿಗೆ ಆಗಲ್ಲ ಅನ್ನಬಹುದು. ಬಯರ್‌ಗೆ ನೀವು ಒಮ್ಮೆಯೂ ಅನ್ನದ ಮಾತು ಅದು.

ಬಂಡವಾಳದ ಚಿಂತೆ ಬೇಡ. ಓವರ್‌ಲಾಕ್ ಮೆಷಿನ್ ಪಿಎಫ್ ದುಡ್ಡಲ್ಲಿ ಬರುತ್ತದೆ. 2016ರ ಫೆಬ್ರುವರಿಯ ನಿಯಮ ಉಳಿದಿದ್ದರೆ ಮಾಲೀಕರ ಪಾಲನ್ನು 58 ತುಂಬುವ ತನಕ ಮುಟ್ಟುವಂತಿರಲಿಲ್ಲ. ಆ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ರಸ್ತೆಗಿಳಿದರು, 19ನೇ ತಾರೀಖು ಕೇಂದ್ರ ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡಿತು. ಅವತ್ತು ಅವರಿಗೆ ಯಾವ ಸೂಪರ್‌ವೈಸರೂ ಟಾರ್ಗೆಟ್ ಕೊಟ್ಟಿರಲಿಲ್ಲ.

ಉಳಿದದ್ದು ಗ್ರ್ಯಾಚುಟಿ. ನನ್ನ ಬೇಸಿಕ್ಕು, ಡಿಎ ಸೇರಿ 15,600. ತಿಂಗಳಿಗೆ 26 ದಿನ ಹಿಡಿದರೆ ದಿನಕ್ಕೆ 600. ವರ್ಷಕ್ಕೆ 15 ದಿನದಂತೆ 9,000. ಸರ್ವೀಸು 8 ವರ್ಷ 7 ತಿಂಗಳು. ಆರು ತಿಂಗಳು ದಾಟಿದ ತುಂಡನ್ನು ಕಾನೂನು ಪೂರಾ ವರ್ಷವೆಂದೇ ಎಣಿಸುತ್ತದೆ, ಹಾಗಾಗಿ 9. ಒಟ್ಟು 81,000. ಹತ್ತು ನಿಮಿಷ ತಡವಾಗಿ ಪಂಚ್ ಮಾಡಿದವಳ ಅರ್ಧ ದಿನ ಕತ್ತರಿಸುವ ನಿಮ್ಮ ಟೈಮ್ ಆಫೀಸಿಗೆ, ಲೆಕ್ಕ ಈ ದಿಕ್ಕಿಗೂ ತಿರುಗುತ್ತದೆ ಅನ್ನುವುದು ಹೊಸದಿರಬಹುದು.

ಅರ್ಜಿ ಲಗತ್ತಿಸಿದ್ದೇನೆ, ಸ್ವೀಕೃತಿಯ ಸೀಲು ಹಾಕಿ ಒಂದು ಪ್ರತಿ ಕೊಡಿ. ಬಾಕಿಯಾದ ದಿನದಿಂದ ನಿಮಗೆ 30 ದಿನ ಟೈಮಿದೆ. ಅದು ದಾಟಿದರೆ ಬಾಕಿಯಾದ ದಿನದಿಂದಲೇ ಬಡ್ಡಿ ಓಡುತ್ತದೆ, ಅದನ್ನು ಓಡಿಸಲು ಯಾರೂ ಕಿರುಚಬೇಕಿಲ್ಲ.

ಇತಿ,
ನಾಲ್ಕನೇ ಲೈನಿನ ಸೂಪರ್‌ವೈಸರ್