ಮುಯ್ಯಿ ಪಟ್ಟಿಯಲ್ಲಿ ಇಲ್ಲದ ಕಾಲಂ

ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರೆಂಬುದನ್ನು ಬರೆದು ಟ್ರಂಕಿನಲ್ಲಿಡುವ ಕುಟುಂಬಗಳು, ಅದೇ ನೆಂಟರೊಡನೆ ಕೊನೆಯದಾಗಿ ಏನು ಮಾತಾಡಿದೆವೆಂಬುದನ್ನು ಮಾತ್ರ ಎಲ್ಲಿಯೂ ಬರೆದಿಡುವುದಿಲ್ಲ. ಈ ಕೊರತೆಯನ್ನು ತುಂಬುವುದೇ ಸರದಿ ಕರೆ, ಅಂದರೆ ಬಂಧುಮಿತ್ರರ ಹೆಸರುಗಳನ್ನು ವಾರಗಳಿಗೆ ಹಂಚಿ ಮೊಬೈಲಿನಲ್ಲಿ ರಿಮೈಂಡರ್ ಇಟ್ಟು, ಆಡಿದ ಮಾತನ್ನು ಅದರಡಿ ಬರೆದಿಡುವ ಕ್ರಮ.

ಕೃಷ್ಣರಾಜಪೇಟೆ ತಾಲ್ಲೂಕಿನ ಗೋವಿಂದನಹಳ್ಳಿಯಿಂದ ಬೆಂಗಳೂರು ಸೇರಿದವನೊಬ್ಬನಿಗೆ 24 ಮಂದಿ ಆಪ್ತರಿದ್ದಾರೆಂದು ಭಾವಿಸಿದರೆ, ವಾರಕ್ಕೆ ಇಬ್ಬರಂತೆ 12 ವಾರಗಳಲ್ಲಿ ಒಂದು ಸುತ್ತು ಮುಗಿಯುತ್ತದೆ. ಸಂಜೆ ಡೈರಿಗೆ ಹಾಲು ಹಾಕುವ ಹೊತ್ತನ್ನು ತಪ್ಪಿಸಿದರೆ ಸಾವಧಾನದ ಮಾತೂ ಸಿಗುತ್ತದೆ. ಕರೆ ಮುಗಿದೊಡನೆ ರಿಮೈಂಡರಿನ ಅಡಿಯಲ್ಲಿ ‘ಸೋದರತ್ತೆ: ಎಡಗಾಲಿನ ಮಂಡಿನೋವು, ಕಬ್ಬು ಕಟಾವಿಗೆ ಆಳಿಲ್ಲ, ಹಸು ಗಬ್ಬ’ ಎಂದು ಬರೆದಿಟ್ಟವನು, ಮುಂದಿನ ಸರದಿಯಲ್ಲಿ “ಅತ್ತೆ, ಹಸು ಕರ ಹಾಕ್ತಾ?” ಎಂದೇ ಆರಂಭಿಸಿ, ‘ಊಟ ಆಯ್ತಾ’ ಎಂಬಲ್ಲಿಗೇ ನಿಲ್ಲುವ ಸಂಭಾಷಣೆಯಿಂದ ಪಾರಾಗುತ್ತಾನೆ.

ಟಿಪ್ಪಣಿಗೆ ತಾರೀಖು ಇಲ್ಲದಿದ್ದರೆ, ಕರುವಿಗೆ ವರ್ಷ ತುಂಬಿದ ಮೇಲೂ ಅದೇ ಪ್ರಶ್ನೆ ಕೇಳುವ ಅಪಾಯವುಂಟು. ತಪ್ಪಿದ ಕರೆಗಳನ್ನು ಬಾಕಿಯಂತೆ ಪೇರಿಸಿ ಒಂದೇ ಭಾನುವಾರ ತೀರಿಸಹೊರಟರೆ ಆರನೆಯ ನೆಂಟರಿಗೆ “ಸರಿ, ಇಡ್ಲಾ?” ಎಂಬುದಷ್ಟೇ ಉಳಿಯುವುದರಿಂದ, ತಪ್ಪಿದ ಹೆಸರನ್ನು ಸರದಿಯ ಕೊನೆಗೆ ಸರಿಸುವುದೇ ಲೇಸು.