ಡಿಕ್ಕಿಯೊಳಗಿನ ಲೆಕ್ಕ

ಮಧುಗಿರಿ ಸೀಮೆಯಲ್ಲಿ ಮನೆ ಕಟ್ಟಿಸಿದವರಿಗೆಲ್ಲ ಈತ ಗೊತ್ತು. ಹೆಸರು ಬೇಡ, ‘ಪ್ಲಾನ್ ಎಂಜಿನಿಯರ್’ ಅಂದರೆ ಸಾಕು. ಕಂಪನಿ ಇಲ್ಲ, ಸಂಬಳ ಇಲ್ಲ. ಬೆಳಿಗ್ಗೆ ಶಿರಾದಲ್ಲಿ ಪಾಯದ ಗುರುತು, ಮಧ್ಯಾಹ್ನ ಕೊರಟಗೆರೆಯಲ್ಲಿ ಮೋಲ್ಡಿಂಗು, ಸಂಜೆಗೆ ಪಾವಗಡದಿಂದ ಫೋನು. ಗೋಡೆ ಕಾಲಿಂಚು ವಾಲಿದ್ದರೂ ರಸ್ತೆಯಿಂದಲೇ ಕಂಡುಹಿಡಿಯುತ್ತಾನೆ. ವರ್ಷದ ಸಂಪಾದನೆ ಎಷ್ಟಪ್ಪಾ ಅಂದರೆ ಮಾತ್ರ ಗೊರವನಹಳ್ಳಿ ದಿಕ್ಕಿಗೆ ಕೈ ಮುಗಿಯುತ್ತಾನೆ: ‘ಆ ಲಕ್ಷ್ಮಮ್ಮಂಗೇ ಗೊತ್ತು ಸಾರ್.’

ನಾನು ಆಡಿಟರ್ ಆಫೀಸಿನ ಹೊರಗಿನ ಮೇಜಿನವನು. 2024-25ರ ಲೆಕ್ಕಕ್ಕೆಂದು ಬಂದವನು ಸ್ಕೂಟರ್ ಡಿಕ್ಕಿಯನ್ನೇ ನನ್ನ ಮೇಜಿನ ಮೇಲೆ ಬೋರಲು ಹಾಕಿದ. ಬಿಸಿಲಿಗೆ ಅಕ್ಷರವೆಲ್ಲ ಹಾರಿಹೋಗಿ ಬೆಳ್ಳಗಾದ ಪೆಟ್ರೋಲ್ ಬಿಲ್ಲು, ಜೆರಾಕ್ಸ್ ಚೀಟಿ, ಟೀ ಅಂಗಡಿಯ ಲೆಕ್ಕ, ಕೊನೆಗೆ ಒಂದು ಜೊತೆ ಬೂಟಿನ ರಸೀದಿ. ‘ಸೈಟಿಗೇ ಹಾಕ್ಕೊಂಡು ಹೋಗೋದು ಸಾರ್, ಖರ್ಚೇ ಅಲ್ವಾ?’

‘ಇದ್ಯಾವುದೂ ಬೇಕಾಗಿಲ್ಲ,’ ಅಂದೆ.

ಮೋಲ್ಡಿಂಗ್ ಹಾಕಿದ ರಾತ್ರಿಯೇ ಜಡಿಮಳೆ ಬಂದವನ ಹಾಗೆ ಕೂತ. ಬಿಡಿಸಿ ಹೇಳಿದೆ. ಆ ವರ್ಷದ ಲೆಕ್ಕಕ್ಕೆ ಅನ್ವಯಿಸುವ 1961ರ ಆದಾಯ ತೆರಿಗೆ ಕಾಯ್ದೆಯ 44ಎಡಿಎ ಪ್ರಕಾರ ಎಂಜಿನಿಯರ್, ವಕೀಲ, ವೈದ್ಯರಂಥವರು ವರ್ಷಕ್ಕೆ 50 ಲಕ್ಷದೊಳಗೆ ಫೀಸು ಪಡೆದರೆ ಅದರ ಅರ್ಧವನ್ನೇ ಆದಾಯವೆಂದು ತೋರಿಸಬಹುದು. ಉಳಿದರ್ಧ ಖರ್ಚಿಗೆ ಅಂತ ಸರ್ಕಾರವೇ ಬಿಟ್ಟುಕೊಟ್ಟಿದೆ, ಬಿಲ್ಲು ಕೇಳುವುದಿಲ್ಲ. ‘ನಂಗೆ ಅರ್ಧಕ್ಕಿಂತ ಕಮ್ಮಿನೇ ಉಳಿಯೋದು’ ಎಂದು ವಾದಿಸಿದರೆ ಮಾತ್ರ ಪೂರ್ತಿ ಲೆಕ್ಕದ ಪುಸ್ತಕ ಇಡಬೇಕು, ಆದಾಯ ತೆರಿಗೆಯ ಮಿತಿ ದಾಟಿದ್ದರೆ ಆಡಿಟ್ಟೂ ಆಗಬೇಕು. ಸಹಾಯಕರಿಗೆ ಸಂಬಳ, ಆಫೀಸಿಗೆ ಬಾಡಿಗೆ ಕೊಡುವವರಿಗೆ ಆ ದಾರಿ. ಒಂದು ಸ್ಕೂಟರ್, ಒಂದು ಲ್ಯಾಪ್‌ಟಾಪಿನವನಿಗೆ ಬೇಡ.

‘ಹಂಗಾದ್ರೆ ಮುಗೀತಲ್ಲ ಸಾರ್!’

ಅಲ್ಲೇ ಶುರುವಾಯಿತು. ಖರ್ಚಿಗೆ ಬಿಲ್ಲು ಬೇಡ ನಿಜ, ಆದರೆ ಬಂದದ್ದೆಷ್ಟು ಅನ್ನುವುದು ಪಕ್ಕಾ ಇರಬೇಕು. ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದರೆ ಜಮೆ 14,60,000. ‘ಅಷ್ಟೆಲ್ಲ ನಂದಲ್ಲ!’ ಎಂದು ಎದ್ದು ನಿಂತ. ಯಾರದು ಅಂತ ಕೇಳಿ ಕೇಳಿ ಮೂರು ಸಂಜೆ ಕಳೆಯಿತು. ಮನೆ ಮಾಲೀಕರು ಸಿಮೆಂಟು, ಕಬ್ಬಿಣಕ್ಕೆಂದು ಫೋನ್‌ಪೇ ಮಾಡಿದ್ದು, ಈತ ಹಾಗೇ ಅಂಗಡಿಗೆ ದಾಟಿಸಿದ್ದು 4,80,000. ಭಾವಮೈದುನ ಕೊಟ್ಟ ಕೈಸಾಲ 2,00,000. ಅಮ್ಮನ ಹೊಲದ ಕಡ್ಲೇಕಾಯಿ ಮಾರಿದ ದುಡ್ಡು 1,10,000. ಅಮ್ಮನಿಗೆ ಫೋನ್‌ಪೇ ಇಲ್ಲದ್ದಕ್ಕೆ ಅದು ಮಗನ ಖಾತೆಗೆ ಬಂದಿತ್ತು. ಇಷ್ಟನ್ನೂ ಕಳೆದರೆ ಫೀಸು 6,70,000.

ಅದೂ ಪೂರ್ತಿಯಲ್ಲ. ಪಾವಗಡದ ತಿರುಮಣಿ ಸೋಲಾರ್ ಪಾರ್ಕಿನ ಕಡೆ ಒಬ್ಬ ಕಂಟ್ರಾಕ್ಟರಿಗೆ ಸರ್ವೆ ಮಾಡಿಕೊಟ್ಟಿದ್ದ. ಮಾತಾಡಿದ್ದು 90,000, ಖಾತೆಗೆ ಬಂದದ್ದು 81,000. ‘ಒಂಬತ್ತು ಸಾವಿರ ಮುರ್ಕೊಂಡ ಸಾರ್’ ಎಂದು ವರ್ಷವಿಡೀ ಊರೆಲ್ಲ ಬೈದುಕೊಂಡು ತಿರುಗಿದ್ದ. 26ಎಎಸ್ ತೆಗೆದು ತೋರಿಸಿದೆ: ಶೇಕಡ 10 ಟಿಡಿಎಸ್, ಈತನ ಪ್ಯಾನ್ ನಂಬರಿಗೇ ಕಟ್ಟಿದೆ. ಆ 9,000ವೂ ಈತನ ಆದಾಯ, ಜೊತೆಗೆ ಮುಂಗಡ ಕಟ್ಟಿದ ತೆರಿಗೆ. ಕೈಗೆ ನಗದು ಬಂದ ಫೀಸನ್ನು ಮನೆಯ ಕ್ಯಾಲೆಂಡರಿನ ಹಿಂದೆ ಗೀಚಿದ್ದ; ಅದು 71,000. ಒಟ್ಟು 7,50,000, ಅದರ ಅರ್ಧ 3,75,000. ಹೊಸ ಪದ್ಧತಿಯಲ್ಲಿ ಇದಕ್ಕೆ ತೆರಿಗೆ ಸೊನ್ನೆ. ಹಿಡಿದ 9,000 ವಾಪಸ್. ಆದರೆ ರಿಟರ್ನ್ ಹಾಕಿದರೆ ಮಾತ್ರ. ತೆರಿಗೆಗೆ ಹೆದರಿ ಫೈಲೇ ಮಾಡದಿದ್ದರೆ ಆ ದುಡ್ಡು ಅಲ್ಲೇ.

ಅರ್ಜಿಯ ಹೆಸರು ಐಟಿಆರ್-4, ‘ಸುಗಮ’. ಅರ್ಜಿ ಸುಗಮವೇ, ಮೂರು ಸಂಜೆ ತಿಂದದ್ದು ನೆನಪಿನ ಲೆಕ್ಕ.

ಹೊರಡುವಾಗ ಹೇಳಿಕೊಟ್ಟೆ. ಫೀಸಿಗೇ ಬೇರೆ ಖಾತೆ ಮಾಡು, ಸಿಮೆಂಟಿನ ದುಡ್ಡು ಅದರೊಳಕ್ಕೆ ಕಾಲಿಡಬಾರದು. ಆದಷ್ಟು ಮಾಲೀಕರೇ ಅಂಗಡಿಗೆ ನೇರ ಹಾಕಲಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು, ಯಾರು, ಎಷ್ಟು, ಯಾತಕ್ಕೆ, ನಗದೋ ಖಾತೆಗೋ ಅಂತ ಬಂದ ದಿನವೇ ಬರಿ. ಟಿಡಿಎಸ್ ಹಿಡಿದಿದ್ದರೆ ಹಿಡಿಯುವ ಮುಂಚಿನ ಮೊತ್ತ ಬರಿ. ರಿಟರ್ನ್ ಹಾಕುವ ಮುಂಚೆ 26ಎಎಸ್ ಜೊತೆ ತಾಳೆ ನೋಡೋಣ. ತಲೆ ಆಡಿಸಿದ. ‘ಬಂದದ್ದು ಮಾತ್ರ ಬರೀಬೇಕು. ಗೊತ್ತಾಯ್ತು ಬಿಡಿ ಸಾರ್.’

ಮಾರನೇ ದಿನವೇ ಹೊಸ ನೋಟ್‌ಬುಕ್ ಹಿಡಿದು ಬಂದ. ಅಡ್ಡಗೆರೆ, ಉದ್ದಗೆರೆ ಎಲ್ಲ ಮೂಲೆಮಟ್ಟ ಹಿಡಿದು ಎಳೆದಂತಿದ್ದವು. ಮೊದಲ ಸಾಲು ಓದಿದೆ:

‘ನೋಟ್‌ಬುಕ್ ಕೊಂಡಿದ್ದು, 60 ರೂಪಾಯಿ. ಬಿಲ್ಲು ಡಿಕ್ಕಿಯಲ್ಲಿದೆ.’